ಒಂದು ಮಿರ್ಚಿ ಅಂಗಡಿಯಲ್ಲಿ ಎಷ್ಟು ಮಾರುಕಟ್ಟೆಗಳಿವೆ?

‘ಮಾರುಕಟ್ಟೆ ವಿಭಜನೆಯನ್ನು ಉದಾಹರಣೆಯೊಂದಿಗೆ ವಿವರಿಸಿ’ ಎಂಬ ಪ್ರಶ್ನೆಗೆ ನಮ್ಮ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಬರೆಯುವ ಉತ್ತರ ಕಣ್ಣು ಮುಚ್ಚಿ ಹೇಳಬಹುದಾದಷ್ಟು ಪರಿಚಿತ. ಗ್ರಾಹಕರನ್ನು ಗುಂಪುಗಳಾಗಿ ಬಿಡಿಸಲು ಭೌಗೋಳಿಕ, ಜನಸಂಖ್ಯಾತ್ಮಕ, ಮಾನಸಿಕ, ವರ್ತನಾತ್ಮಕ ಎಂದು ನಾಲ್ಕು ತಲೆಬರಹ. ಪ್ರತಿಯೊಂದರ ಕೆಳಗೆ ಎರಡು ಸಾಲು. ಉದಾಹರಣೆಗೆ ಒಂದು ಸೋಪು, ಒಂದು ಕಾರು. ಮುಂದಿನ ಪ್ರಶ್ನೆ ಮಾರ್ಕೆಟಿಂಗ್ ಮಿಕ್ಸ್ ಆಗಿದ್ದರೆ ವಸ್ತು, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕು ‘ಪಿ’ಗಳ ಇನ್ನೊಂದು ಪಟ್ಟಿ. ಎರಡೂ ಉತ್ತರಗಳು ಬೇರೆ ಬೇರೆ ಊರಿನವರಂತೆ ಒಂದರ ಮುಖ ಇನ್ನೊಂದು ನೋಡದೆ ಕುಳಿತಿರುತ್ತವೆ. ಅಂಕವೇನೋ ಬರುತ್ತದೆ. ಆದರೆ ಈ ಎರಡು ಪಟ್ಟಿಗಳನ್ನು ಹಿಡಿದು ಹೋದರೆ ಕೊಪ್ಪಳದ ಒಂದು ಮಿರ್ಚಿ ಅಂಗಡಿಯನ್ನೂ ಒಂದು ತಿಂಗಳು ನಡೆಸಲಾಗುವುದಿಲ್ಲ.

ಹಾಗಾಗಿ ಅಂಗಡಿಗೇ ಹೋಗೋಣ. ಕೊಪ್ಪಳದ ಯಾವ ಬಡಾವಣೆಯಲ್ಲಾದರೂ ಕಾಣಸಿಗುವಂಥದ್ದು. ಮುಂದೆ ತಗಡಿನ ನೆರಳು, ರಸ್ತೆಗೆ ಮುಖ ಮಾಡಿದ ದೊಡ್ಡ ಕಡಾಯಿ, ಒಳಗೆ ನಾಲ್ಕು ಬೆಂಚು. ಬೆಳಿಗ್ಗೆ ಒಗ್ಗರಣೆ ಮತ್ತು ಮಿರ್ಚಿ, ಸಂಜೆ ಮಿರ್ಚಿ ಮತ್ತು ಚಹಾ. ಹೊರಗಿನ ಓದುಗರಿಗಾಗಿ ಒಂದು ಮಾತು: ಇಲ್ಲಿ ಒಗ್ಗರಣೆ ಎಂದರೆ ಸಾರಿಗೆ ಹಾಕುವ ಸಾಸಿವೆ-ಕರಿಬೇವಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಜೊತೆ ಹುರಿದು, ಮೇಲೆ ಪುಟಾಣಿ ಪುಡಿ ಉದುರಿಸಿದ ತಿಂಡಿ ಅದು. ಮಿರ್ಚಿ ಎಂದರೆ ಉದ್ದನೆಯ ಮೆಣಸಿನಕಾಯಿಯನ್ನು ಸೀಳಿ ಜೀರಿಗೆ-ಉಪ್ಪು ಸವರಿ, ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಒಂದಿಲ್ಲದೆ ಇನ್ನೊಂದನ್ನು ಊಹಿಸಿಕೊಳ್ಳುವುದು ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಕಷ್ಟ. ಅಂಗಡಿಯನ್ನು ನಡೆಸುವವರು ದಂಪತಿ. ಕಡಾಯಿಯ ಮುಂದೆ ಅಣ್ಣ, ಗಲ್ಲಾಪೆಟ್ಟಿಗೆಯಲ್ಲಿ ಅಕ್ಕ. ನಾನು ಕೊಡುವ ಅಂಕಿಗಳು ಲೆಕ್ಕ ಸುಲಭವಾಗಲೆಂದು ದುಂಡಾಗಿಸಿಕೊಂಡವು. ನಿಮ್ಮ ಓಣಿಯ ಅಂಗಡಿಯ ಅಂಕಿ ಬೇರೆ ಇರುತ್ತದೆ, ಲೆಕ್ಕದ ದಾರಿ ಮಾತ್ರ ಇದೇ.

ಇಂಥ ಅಂಗಡಿಗೆ ವಿದ್ಯಾರ್ಥಿಗಳನ್ನು ಕಳುಹಿಸಿ ‘ಗ್ರಾಹಕರನ್ನು ವಿಭಾಗಿಸಿ ಬನ್ನಿ’ ಎಂದರೆ ಅವರು ಮೊದಲು ಮಾಡುವ ಕೆಲಸ ಪ್ರಶ್ನಾವಳಿ ಅಚ್ಚು ಹಾಕಿಸುವುದು. ವಯಸ್ಸು, ಲಿಂಗ, ಉದ್ಯೋಗ, ತಿಂಗಳ ವರಮಾನ. ಬಾಯಲ್ಲಿ ಬಿಸಿ ಮಿರ್ಚಿ ಇಟ್ಟುಕೊಂಡವನನ್ನು ‘ನಿಮ್ಮ ವರಮಾನ ಎಷ್ಟು’ ಎಂದು ಕೇಳುವ ಧೈರ್ಯವನ್ನು ಮೆಚ್ಚಲೇಬೇಕು. ಸಂಜೆಗೆ ಅವರು ತರುವ ವರದಿಯಲ್ಲಿ ಹದಿನೆಂಟರಿಂದ ಇಪ್ಪತ್ತೈದರವರು ಇಷ್ಟು, ಇಪ್ಪತ್ತಾರರಿಂದ ನಲವತ್ತರವರು ಇಷ್ಟು ಎಂಬ ಬಣ್ಣದ ಪೈ ಚಾರ್ಟ್ ಇರುತ್ತದೆ. ಅದನ್ನು ಅಕ್ಕನ ಮುಂದೆ ಹಿಡಿದರೆ ಅವರು ಕೇಳುವುದು ಒಂದೇ ಮಾತು: ‘ಸರಿ, ನಾನೇನು ಮಾಡಬೇಕು?’ ವರದಿಯಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ. ಇಪ್ಪತ್ತೈದರವನಿಗೂ ನಲವತ್ತರವನಿಗೂ ಅವರು ಮಾರುವುದು ಅದೇ ಮಿರ್ಚಿ, ಅದೇ ಬೆಲೆಗೆ.

ತಪ್ಪು ಎಲ್ಲಿದೆ? ಯಾರು ಬಂದರು ಎಂಬುದರ ಮೇಲೆ ಗೆರೆ ಎಳೆದದ್ದರಲ್ಲಿ. ಗೆರೆ ಎಳೆಯಬೇಕಾದದ್ದು ಯಾತಕ್ಕೆ ಬಂದರು ಎಂಬುದರ ಮೇಲೆ.

ಒಬ್ಬ ಆಟೋ ಚಾಲಕನನ್ನು ನೋಡಿ. ಬೆಳಿಗ್ಗೆ ಏಳಕ್ಕೆ ಬರುತ್ತಾನೆ, ಒಂದು ಪ್ಲೇಟ್ ಒಗ್ಗರಣೆ-ಮಿರ್ಚಿಯನ್ನು ನಿಂತೇ ತಿಂದು ಏಳು ನಿಮಿಷದಲ್ಲಿ ಹೊರಡುತ್ತಾನೆ. ಪ್ಲೇಟಿಗೆ ಎರಡು ರೂಪಾಯಿ ಏರಿದರೂ ‘ಏನಕ್ಕಾ ಇದು’ ಎನ್ನುತ್ತಾನೆ. ಅದೇ ಮನುಷ್ಯ ಅದೇ ದಿನ ಸಂಜೆ ಆರೂವರೆಗೆ ಮತ್ತೆ ಬರುತ್ತಾನೆ. ಮನೆಗೆ ಬೀಗರು ಬಂದಿದ್ದಾರೆ. ಹನ್ನೆರಡು ಮಿರ್ಚಿ ಕಟ್ಟಿಸುತ್ತಾನೆ, ಬೆಲೆ ಕೇಳುವುದಿಲ್ಲ, ‘ಬಿಸಿ ಇರಲಿ, ಚೆನ್ನಾಗಿ ಕಟ್ಟಿಕೊಡು’ ಎಂದು ಮಾತ್ರ ಹೇಳುತ್ತಾನೆ. ವಯಸ್ಸು ಬದಲಾಗಲಿಲ್ಲ, ವರಮಾನ ಬದಲಾಗಲಿಲ್ಲ, ಓಣಿಯೂ ಅದೇ. ಜನಸಂಖ್ಯೆಯ ಲೆಕ್ಕದಲ್ಲಿ ಅವನು ಒಬ್ಬನೇ. ಮಾರುಕಟ್ಟೆಯ ಲೆಕ್ಕದಲ್ಲಿ ಇಬ್ಬರು.

ಈ ವಿಚಾರ ಹೊಸದೇನಲ್ಲ. ವೆಂಡೆಲ್ ಸ್ಮಿತ್ ಎಂಬ ಅಮೆರಿಕದ ವಿದ್ವಾಂಸ 1956ರಲ್ಲಿ ಬರೆದ ಲೇಖನದಲ್ಲಿ ಮಾರುಕಟ್ಟೆ ವಿಭಜನೆಯನ್ನು ವಸ್ತುವಿನ ಭಿನ್ನೀಕರಣದಿಂದ ಬೇರ್ಪಡಿಸಿ ತೋರಿಸಿದ್ದ. ನನ್ನ ಮಾತಿನಲ್ಲಿ ಹೇಳುವುದಾದರೆ, ಭಿನ್ನೀಕರಣ ಎಂದರೆ ನಮ್ಮಲ್ಲಿರುವ ಮಾಲಿನತ್ತ ಗ್ರಾಹಕರ ಮನಸ್ಸನ್ನು ಬಾಗಿಸುವುದು; ವಿಭಜನೆ ಎಂದರೆ ಗ್ರಾಹಕರಲ್ಲಿ ಈಗಾಗಲೇ ಇರುವ ಬೇರೆ ಬೇರೆ ಬೇಡಿಕೆಗಳತ್ತ ನಮ್ಮ ಮಾಲನ್ನು ಬಾಗಿಸುವುದು. ಬೇಡಿಕೆ ಬೇರೆಯಾಗಿದೆಯೇ ಎಂಬುದೇ ಪ್ರಶ್ನೆ. ವಯಸ್ಸು, ವರಮಾನಗಳು ಆ ಬೇಡಿಕೆ ಬೇರೆಯಾಗಿರುವ ಕಡೆ ಸುಳಿವು ಕೊಡುತ್ತವೆ, ಅಷ್ಟೇ. ಕೆಲವು ಸರಕುಗಳಲ್ಲಿ ಸುಳಿವು ಗಟ್ಟಿ: ಮಗುವಿನ ಅಂಗಿ ಮಾರುವವನು ವಯಸ್ಸು ಕೇಳಲೇಬೇಕು. ಮಿರ್ಚಿಯ ವಿಷಯದಲ್ಲಿ ಅದು ಟೊಳ್ಳು.

ಹಾಗಾದರೆ ಬೇಡಿಕೆ ಬೇರೆಯೆಂದು ಕಂಡುಹಿಡಿಯುವುದು ಹೇಗೆ? ಪ್ರಶ್ನಾವಳಿಯನ್ನು ಬದಿಗಿಟ್ಟು ಒಂದು ಗೆರೆ ಹಾಳೆ ತೆಗೆದುಕೊಂಡು ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕುಳಿತುಕೊಳ್ಳಬೇಕು. ಬಂದ ಪ್ರತಿ ಗುಂಪಿಗೂ ಒಂದು ಸಾಲು. ಎಷ್ಟು ಗಂಟೆಗೆ ಬಂದರು, ಎಷ್ಟು ಜನ, ಏನು ಕೊಂಡರು, ನಿಂತು ತಿಂದರೋ ಕುಳಿತರೋ ಕಟ್ಟಿಸಿಕೊಂಡರೋ, ಎಷ್ಟು ಹೊತ್ತು ಇದ್ದರು. ಸಾಲು ಉದ್ದವಿದ್ದಾಗ ಕಾದರೋ ಹೊರಟೇ ಹೋದರೋ ಎಂಬುದನ್ನು ಮರೆಯದೆ ಬರೆಯಬೇಕು, ಯಾಕೆಂದರೆ ಹೊರಟುಹೋದವರು ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಎಂದಿಗೂ ಸಿಗುವುದಿಲ್ಲ. ಒಂದು ಸಾಮಾನ್ಯ ದಿನ, ಒಂದು ಸಂತೆಯ ದಿನ, ಒಂದು ಭಾನುವಾರ ಕುಳಿತರೆ ಹಾಳೆಯಲ್ಲಿ ಗುಂಪುಗಳು ತಾವೇ ಮೂಡತೊಡಗುತ್ತವೆ.

ಬಾಯಿಬಿಟ್ಟು ಕೇಳುವುದಾದರೆ ಒಂದೇ ಪ್ರಶ್ನೆ ಸಾಕು: ‘ಇವತ್ತು ಈ ಅಂಗಡಿ ಮುಚ್ಚಿದ್ದರೆ ಏನು ಮಾಡುತ್ತಿದ್ದಿರಿ?’

ಈ ಪ್ರಶ್ನೆಯಲ್ಲಿ ಇಡೀ ವಿಷಯದ ಕೀಲಿ ಇದೆ. ಬೆಳಿಗ್ಗೆ ಬರುವ ಆಟೋದವರು, ಗಾರೆ ಕೆಲಸದವರು, ಗಿಣಿಗೇರಿ ಕಡೆಯ ಕಾರ್ಖಾನೆಗಳ ಪಾಳಿಗೆ ಹೊರಟವರು ಹೇಳುವ ಉತ್ತರ, ‘ಮುಂದಿನ ತಿರುವಿನಲ್ಲಿ ಇಡ್ಲಿ ಗಾಡಿ ಇದೆಯಲ್ಲ.’ ಸಂಜೆ ನಾಲ್ಕೂವರೆಗೆ ಬರುವ ಕಾಲೇಜಿನ ಹುಡುಗ ಹುಡುಗಿಯರು, ‘ಪಾನಿಪುರಿ ತಿನ್ನುತ್ತಿದ್ದೆವು, ಇಲ್ಲವೇ ಬೇಕರಿಯಲ್ಲಿ ಕೂರುತ್ತಿದ್ದೆವು’ ಎನ್ನುತ್ತಾರೆ. ಆರೂವರೆಗೆ ಕಟ್ಟಿಸಿಕೊಳ್ಳಲು ಬರುವವರು, ‘ಮನೆಯಲ್ಲೇ ಏನಾದರೂ ಮಾಡುತ್ತಿದ್ದೆವು’ ಅಥವಾ ‘ಅರ್ಧ ಕಿಲೋ ಖಾರಾ ಸೇವು ಒಯ್ಯುತ್ತಿದ್ದೆವು’ ಎನ್ನುತ್ತಾರೆ. ಅಂದರೆ ಒಂದೇ ಕಡಾಯಿಗೆ ಮೂರು ಬೇರೆ ಬೇರೆ ಎದುರಾಳಿಗಳು: ಬೆಳಿಗ್ಗೆ ಇಡ್ಲಿ ಗಾಡಿ, ಸಂಜೆ ಬೇಕರಿಯ ಕುರ್ಚಿ, ರಾತ್ರಿಗೆ ಮನೆಯ ಒಲೆ. ಎದುರಾಳಿ ಬದಲಾದರೆ ಮಾರುಕಟ್ಟೆಯೂ ಬದಲಾಯಿತು.

ತರಗತಿಯಲ್ಲಿ ಒಮ್ಮೆ ಇದನ್ನು ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, ‘ಸರ್, ಗವಿಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಬಡಿಸುತ್ತಾರೆ, ಅದೂ ಎದುರಾಳಿಯೇ?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ವಸ್ತು ಅದೇ, ಬೆಲೆ ಸೊನ್ನೆ, ಆದರೂ ಅಲ್ಲ. ಅಲ್ಲಿ ಪಂಕ್ತಿಯಲ್ಲಿ ಕುಳಿತವರು ಪ್ರಸಾದಕ್ಕೆ ಬಂದವರು. ಪಾಳಿಗೆ ಹೊತ್ತಾಗುತ್ತದೆಂದು ಬಂದವರಲ್ಲ. ವಸ್ತು ಒಂದೇ ಆದ ಮಾತ್ರಕ್ಕೆ ಮಾರುಕಟ್ಟೆ ಒಂದಾಗುವುದಿಲ್ಲ, ವಸ್ತು ಬೇರೆಯಾದ ಮಾತ್ರಕ್ಕೆ ಬೇರೆಯೂ ಆಗುವುದಿಲ್ಲ. ಇಡ್ಲಿಗೂ ಒಗ್ಗರಣೆಗೂ ರುಚಿಯಲ್ಲಿ ಏನೂ ಸಂಬಂಧವಿಲ್ಲ, ಬೆಳಿಗ್ಗೆ ಏಳಕ್ಕೆ ಮಾತ್ರ ಅವು ಎದುರಾಬದುರಾ ನಿಲ್ಲುತ್ತವೆ.

ಇಲ್ಲಿಂದ ಮಾರ್ಕೆಟಿಂಗ್ ಮಿಕ್ಸ್ ಆರಂಭ. ‘ಮಿಕ್ಸ್’ ಎಂಬ ಪದವನ್ನು ಬಳಕೆಗೆ ತಂದವರು ಅಮೆರಿಕದ ಪ್ರಾಧ್ಯಾಪಕ ನೀಲ್ ಬೋರ್ಡೆನ್. ವ್ಯಾಪಾರದ ಮುಖ್ಯಸ್ಥನನ್ನು ಪದಾರ್ಥಗಳನ್ನು ಬೆರೆಸುವವನಿಗೆ ಹೋಲಿಸಿದ್ದ ಜೇಮ್ಸ್ ಕಲಿಟನ್ನರ ಮಾತಿನಿಂದ ಅವರಿಗೆ ಅದು ಹೊಳೆಯಿತು. ಬೋರ್ಡೆನ್ನರ ಪಟ್ಟಿಯಲ್ಲಿ ಹತ್ತು ಹನ್ನೆರಡು ಪದಾರ್ಥಗಳಿದ್ದವು. 1960ರಲ್ಲಿ ಜೆರೋಮ್ ಮೆಕಾರ್ಥಿ ಅದನ್ನು ವಸ್ತು, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕಕ್ಕೆ ಇಳಿಸಿದರು. ನಾಲ್ಕೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಶುರುವಾಗುವುದರಿಂದ ನೆನಪಿಡಲು ಸುಲಭ. ಆ ಸುಲಭವೇ ಕಂಟಕವೂ ಆಯಿತು. ಪಟ್ಟಿ ಉಳಿಯಿತು, ಬೆರೆಸುವುದು ಮರೆಯಿತು. ಒಗ್ಗರಣೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಂಡಕ್ಕಿ ಹೆಚ್ಚು ನೆನೆದಿದ್ದರೆ ಪುಟಾಣಿ ಪುಡಿ ಹೆಚ್ಚು ಬೇಕು, ಹುಳಿ ಹೆಚ್ಚಾದರೆ ಖಾರವನ್ನೂ ಏರಿಸಬೇಕು. ಒಂದನ್ನು ಮುಟ್ಟಿದರೆ ಉಳಿದವನ್ನೂ ಮುಟ್ಟಬೇಕಾಗುತ್ತದೆ.

ಬೆಳಗಿನ ಗುಂಪನ್ನು ಹಿಡಿದು ಬೆಲೆಯಿಂದಲೇ ನೋಡೋಣ. ಒಂದು ಪ್ಲೇಟ್ ಒಗ್ಗರಣೆ ಮತ್ತು ಎರಡು ಮಿರ್ಚಿಗೆ 30 ರೂಪಾಯಿ. ಒಗ್ಗರಣೆಯ ಸಾಮಗ್ರಿಗೆ 9, ಮಿರ್ಚಿಗೆ ಎಣ್ಣೆ, ಗ್ಯಾಸು ಎಲ್ಲ ಸೇರಿ ಒಂದಕ್ಕೆ 4ರಂತೆ 8, ಎಲೆ ತಟ್ಟೆಗೆ 1. ಒಟ್ಟು 18. ಉಳಿಯುವುದು 12 ರೂಪಾಯಿ. ಇದು ಲಾಭವಲ್ಲ, ಬಾಡಿಗೆ, ಕೂಲಿ, ಮನೆಯವರ ದುಡಿಮೆ ಎಲ್ಲ ಇದರಿಂದಲೇ ಹೊರಡಬೇಕು. ದಿನಕ್ಕೆ 200 ಪ್ಲೇಟ್ ಹೋದರೆ ಬೆಳಗಿನ ಪಾಲು 2,400.

ಕಡಲೆ ಹಿಟ್ಟು, ಎಣ್ಣೆ ತುಟ್ಟಿಯಾಯಿತೆಂಬ ಭಯದಲ್ಲಿ ಅಣ್ಣ 35 ಮಾಡೋಣ ಎನ್ನುತ್ತಾರೆ. ಆಗ ಪ್ಲೇಟಿಗೆ ಉಳಿಯುವುದು 17. ಅದೇ 2,400 ಬರಲು ಎಷ್ಟು ಪ್ಲೇಟ್ ಬೇಕು? 2,400ನ್ನು 17ರಿಂದ ಭಾಗಿಸಿದರೆ 141ಕ್ಕೆ ತುಸು ಹೆಚ್ಚು, ಅಂದರೆ 142. ಐವತ್ತೆಂಟು ಜನ ಬಿಟ್ಟುಹೋದರೂ ನಷ್ಟವಿಲ್ಲ, ಐವತ್ತೊಂಬತ್ತನೆಯವನು ಹೋದರೆ ನಷ್ಟ ಶುರು. ಬೆಲೆಯ ಬಗ್ಗೆ ಮಾತಾಡುವ ಮೊದಲು ವಿದ್ಯಾರ್ಥಿಗಳು ಮಾಡಬೇಕಾದ ಲೆಕ್ಕ ಇದೊಂದೇ, ಮತ್ತು ಬಹಳ ಜನ ಮಾಡದೇ ಬಿಡುವ ಲೆಕ್ಕವೂ ಇದೇ.

ಲೆಕ್ಕದಲ್ಲಿ ಐವತ್ತೆಂಟು ಎಂದರೆ ಧಾರಾಳವಾಗಿ ಕಾಣುತ್ತದೆ. ನೂರಕ್ಕೆ ಇಪ್ಪತ್ತೊಂಬತ್ತು ಜನ ಐದು ರೂಪಾಯಿಗಾಗಿ ಅಂಗಡಿ ಬಿಡುತ್ತಾರೆಯೇ? ಸಂಜೆಯ ಗುಂಪಾದರೆ ಬಿಡುವುದಿಲ್ಲ. ಬೆಳಗಿನ ಗುಂಪಿನ ಎದುರು ಇಡ್ಲಿ ಗಾಡಿ ಇದೆ, ಅಲ್ಲೂ ತಿಂಡಿ 30ಕ್ಕೇ ಸಿಗುತ್ತದೆ, ಮತ್ತು ಈ ಗಿರಾಕಿ ತಿಂಗಳಿಗೆ ಇಪ್ಪತ್ತಾರು ದಿನ ಬರುವವನು. ಅವನ ಕಣ್ಣಿಗೆ ಐದು ಕಾಣುವುದಿಲ್ಲ, 130 ಕಾಣುತ್ತದೆ. ಇನ್ನೊಂದು ಸಣ್ಣ ಸಂಗತಿ: 30 ಎಂದರೆ ಮೂರು ಹತ್ತರ ನೋಟು, ಕೊಟ್ಟು ನಡೆಯುವುದು. 35 ಎಂದರೆ ಐದರ ಚಿಲ್ಲರೆ ಹುಡುಕಾಟ, ಇಲ್ಲವೇ ಎಣ್ಣೆಗೈಯಲ್ಲಿ ಮೊಬೈಲ್ ತೆಗೆಯುವುದು. ಪಾಳಿಗೆ ಹೊರಟವರ ಸಾಲಿನಲ್ಲಿ ತಲಾ ಅರ್ಧ ನಿಮಿಷ ಹೆಚ್ಚಾದರೆ ಹಿಂದಿನವರು ಜಾರಿಕೊಳ್ಳುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ಬೆಳಗಿನ ತಿಂಡಿ ರೂಢಿಯ ವಿಷಯ. ಒಂದು ವಾರ ಗಾಡಿಯ ಇಡ್ಲಿಗೆ ಹೊಂದಿಕೊಂಡವನು, ನೀವು ಮತ್ತೆ 30ಕ್ಕೆ ಇಳಿಸಿದರೂ ಮರಳುತ್ತಾನೆ ಎಂಬ ಖಾತ್ರಿಯಿಲ್ಲ. ‘ಒಂದು ವಾರ ಪರೀಕ್ಷಿಸಿ ನೋಡೋಣ’ ಎಂಬುದು ಕೇಳಲು ವೈಜ್ಞಾನಿಕ, ಆದರೆ ಈ ಗುಂಪಿನ ಮೇಲೆ ಅದು ದುಬಾರಿ ಪರೀಕ್ಷೆ.

ಆದ್ದರಿಂದ ಬೆಳಿಗ್ಗೆ ಬೆಲೆಯನ್ನು ಮುಟ್ಟುವುದು ಬೇಡ. ಬೆಳಗಿನ ಮಿಕ್ಸ್ ಇಡೀ ವೇಗದ ಸುತ್ತ ಕಟ್ಟಿದ್ದಾಗಿರಲಿ. ವಸ್ತು ಒಂದೇ ಪ್ಲೇಟ್, ಆಯ್ಕೆ ಇಲ್ಲ. ಮಿರ್ಚಿ ಕರಿದು ಮುಂಚಿತವಾಗಿ ತಟ್ಟೆಯಲ್ಲಿ ಸಿದ್ಧ, ಯಾಕೆಂದರೆ ಸಾಲು ನಿಲ್ಲದೆ ಸಾಗುವುದರಿಂದ ಅದು ತಣ್ಣಗಾಗುವಷ್ಟು ಹೊತ್ತು ಉಳಿಯುವುದಿಲ್ಲ. ಬೆಂಚುಗಳ ಬದಲು ನಿಂತು ತಿನ್ನಲು ಎದೆಯೆತ್ತರದ ಹಲಗೆ. ಪ್ರಚಾರ? ಬೇಕೇ ಇಲ್ಲ. ದಿನವೂ ಬರುವವನಿಗೆ ಅಂಗಡಿ ಇದೆ ಎಂದು ಯಾಕೆ ಹೇಳಬೇಕು? ಆರೂವರೆಗೆ ಬಾಗಿಲು ತೆರೆದಿರುತ್ತದೆ ಎಂಬ ನಂಬಿಕೆಯೇ ಅವನಿಗೆ ಬೇಕಾದ ಜಾಹೀರಾತು. ವಾರಕ್ಕೊಮ್ಮೆ ಏಳಕ್ಕೆ ತೆರೆದರೆ ಆ ಜಾಹೀರಾತು ಹರಿದುಹೋಗುತ್ತದೆ.

ಈಗ ಸಂಜೆ ಆರೂವರೆಯ ಪಾರ್ಸೆಲ್ ಗುಂಪು. ಇಲ್ಲಿ ನಿಜವಾದ ಸಮಸ್ಯೆ ಮಾರಾಟದ್ದಲ್ಲ, ಹಬೆಯದ್ದು. ಮಿರ್ಚಿಯ ಒಳಗಿನ ಮೆಣಸಿನಕಾಯಿಯಲ್ಲಿ ನೀರಿನಂಶ ಇರುತ್ತದೆ. ಬಿಸಿಯಿರುವಾಗ ಕಾಗದದಲ್ಲಿ ಬಿಗಿಯಾಗಿ ಕಟ್ಟಿದರೆ ಆ ಹಬೆಗೆ ಹೊರಗೆ ಹೋಗಲು ದಾರಿಯಿಲ್ಲ, ಅದು ಹಿಟ್ಟಿನ ಗರಿಗರಿ ಪದರದೊಳಗೇ ಇಳಿಯುತ್ತದೆ. ಮನೆ ಮುಟ್ಟುವ ಹೊತ್ತಿಗೆ ಮಿರ್ಚಿ ಒದ್ದೆ ಬಟ್ಟೆಯಂತಾಗಿರುತ್ತದೆ. ಬೀಗರ ಮುಂದೆ ಇಟ್ಟವನಿಗೆ ನಾಚಿಕೆ. ಮೇಲಾಗಿ ಆ ಕಾಗದ ಹಳೆಯ ಪತ್ರಿಕೆಯದಾದರೆ ಮಸಿ ಎಣ್ಣೆಗೆ ಹತ್ತುತ್ತದೆ. ಆಹಾರವನ್ನು ಪತ್ರಿಕೆಯಲ್ಲಿ ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ ಎಂಬುದು ಹಲವು ಅಂಗಡಿಗಳಿಗೆ ಇನ್ನೂ ತಲುಪಿದಂತಿಲ್ಲ.

ಹಾಗಾಗಿ ಇಲ್ಲಿ ವಸ್ತು ಎಂದರೆ ಮಿರ್ಚಿಯಲ್ಲ, ‘ಮನೆಯಲ್ಲಿ ಬಿಚ್ಚಿದಾಗಲೂ ಗರಿಗರಿ ಇರುವ ಆರು ಮಿರ್ಚಿ’. ಅದಕ್ಕೆ ಬೇಕಾದದ್ದು ಬದಿಯಲ್ಲಿ ತೂತುಗಳಿರುವ ರಟ್ಟಿನ ಡಬ್ಬಿ, ಒಳಗೆ ಎಣ್ಣೆ ಹೀರುವ ಬಿಳಿ ಕಾಗದ, ಹೆಚ್ಚಿದ ಈರುಳ್ಳಿ ಮತ್ತು ನಿಂಬೆಹೋಳು ಬೇರೆ ಪೊಟ್ಟಣದಲ್ಲಿ. ಕರಿದ ಮೇಲೆ ಜಾಲರಿಯ ಮೇಲೆ ಎರಡು ನಿಮಿಷ ಹಬೆ ಬಿಟ್ಟು ಆಮೇಲೆ ತುಂಬಬೇಕು. ಆರು ಮಿರ್ಚಿಗೆ 24, ಡಬ್ಬಿ ಮತ್ತು ಕಾಗದಕ್ಕೆ 5, ಈರುಳ್ಳಿ-ನಿಂಬೆಗೆ 3, ಒಟ್ಟು 32 ರೂಪಾಯಿ. ಬಿಡಿಯಾಗಿ ಮಿರ್ಚಿ ಒಂದಕ್ಕೆ 8ರಂತೆ ಆರಕ್ಕೆ 48 ಬರುತ್ತದೆ, ಉಳಿಯುವುದು 24. ಡಬ್ಬಿಗೆ 65 ಇಟ್ಟರೆ ಉಳಿಯುವುದು 33. ಎಂಟು ರೂಪಾಯಿ ಹೆಚ್ಚು ಖರ್ಚಿಗೆ ಹದಿನೇಳು ರೂಪಾಯಿ ಹೆಚ್ಚು ಬೆಲೆ. ಮನೆಯ ಒಲೆ ಹಚ್ಚುವ, ಎಣ್ಣೆ ಬಿಸಿ ಮಾಡುವ, ಆಮೇಲೆ ಕಡಾಯಿ ತೊಳೆಯುವ ಕಷ್ಟಕ್ಕೆ ಹೋಲಿಸಿ ನೋಡುವವರು 65ನ್ನು ದುಬಾರಿ ಎನ್ನುವುದಿಲ್ಲ. ಇಡ್ಲಿ ಗಾಡಿಗೆ ಹೋಲಿಸುವವರು ಎನ್ನುತ್ತಿದ್ದರು. ಅವರು ಈ ಹೊತ್ತಿನಲ್ಲಿ ಇಲ್ಲಿಲ್ಲ.

ಒಬ್ಬ ಚುರುಕು ವಿದ್ಯಾರ್ಥಿ ಇಲ್ಲಿ ತಡೆಯುತ್ತಾನೆ. ‘ಸರ್, ಅದೇ ಮಿರ್ಚಿ ಬಿಡಿಯಾಗಿ 8ಕ್ಕೆ ಸಿಗುವಾಗ ಡಬ್ಬಿ ಯಾರು ಕೊಳ್ಳುತ್ತಾರೆ?’ ಎರಡು ಬೆಲೆಗಳ ನಡುವೆ ಬೇಲಿ ಇಲ್ಲದಿದ್ದರೆ ಹೆಚ್ಚಿನ ಬೆಲೆ ಸೋರಿಹೋಗುತ್ತದೆ ಎಂಬ ಅವನ ಅನುಮಾನ ಸರಿಯಾದದ್ದೇ. ಆದರೆ ಬೇಲಿ ಎಂದರೆ ಯಾರನ್ನೂ ತಡೆಯುವುದಲ್ಲ. ಮನೆಯಿಂದ ಸ್ಟೀಲ್ ಡಬ್ಬಿ ತಂದು, ಒಳಗಿನ ಸಾಲಿನಲ್ಲಿ ನಿಂತು, ಬಿಡಿ ಬೆಲೆಗೆ ಒಯ್ಯುವವರು ಒಯ್ಯಲಿ. ಅಷ್ಟು ಮಾಡಲು ಸಿದ್ಧರಿರುವವರು ಬೆಲೆ ನೋಡುವವರು. ಅಷ್ಟು ಹೊತ್ತಿಲ್ಲದವರು ರಸ್ತೆ ಬದಿಯ ಕಿಟಕಿಯಲ್ಲಿ ಡಬ್ಬಿ ಎತ್ತಿಕೊಂಡು ಬೈಕು ಆಫ್ ಮಾಡದೆ ಹೋಗುತ್ತಾರೆ. ಜನ ತಾವಾಗಿಯೇ ಎರಡು ಗುಂಪಾಗುತ್ತಾರೆ. ವರಮಾನ ಎಷ್ಟೆಂದು ಯಾರನ್ನೂ ಕೇಳಬೇಕಾಗಿಲ್ಲ.

‘ಸ್ಥಳ’ ಎಂಬ ಪಿ ಬಂದಾಗ ವಿದ್ಯಾರ್ಥಿಗಳು ಸಗಟು ವ್ಯಾಪಾರಿ, ಚಿಲ್ಲರೆ ವ್ಯಾಪಾರಿ ಎಂದು ಬಾಣದ ಗುರುತುಗಳ ಚಿತ್ರ ಬಿಡಿಸುತ್ತಾರೆ. ಮಿರ್ಚಿಗೆ ಅದೆಲ್ಲ ಇಲ್ಲ. ಮಿರ್ಚಿಯ ಸ್ಥಳವನ್ನು ಕಿಲೋಮೀಟರಿನಲ್ಲಿ ಅಳೆಯುವುದಲ್ಲ, ಕಡಾಯಿಯಿಂದ ಬಾಯಿಗೆ ಎಷ್ಟು ನಿಮಿಷ ಎಂದು ಅಳೆಯಬೇಕು. ಒಳ್ಳೆಯ ಡಬ್ಬಿಯಲ್ಲೂ ಅದರ ಆಯುಸ್ಸು ಕಾಲು ಗಂಟೆಯ ಆಸುಪಾಸು. ಹಾಗಾಗಿ ಈ ಅಂಗಡಿಯ ಪಾರ್ಸೆಲ್ ಮಾರುಕಟ್ಟೆ ಬೈಕಿನಲ್ಲಿ ಕಾಲು ಗಂಟೆಯೊಳಗೆ ಮುಟ್ಟುವ ಮನೆಗಳು ಮಾತ್ರ. ಅದರಾಚೆಗೆ ಪ್ರಚಾರ ಮಾಡಿದರೆ ಮೆತ್ತಗಾದ ಮಿರ್ಚಿಯ ಖ್ಯಾತಿಯನ್ನು ಊರ ತುಂಬ ಹರಡಿದಂತೆ. ಮೂರು ಪಿಗಳು ಇಲ್ಲಿ ಗಂಟುಬಿದ್ದಿರುವುದನ್ನು ಗಮನಿಸಿ: ಡಬ್ಬಿ ವಸ್ತುವನ್ನು ಬದಲಿಸಿತು, ಅದು ಸ್ಥಳವನ್ನು ತುಸು ಹಿಗ್ಗಿಸಿತು, ಎರಡೂ ಸೇರಿ ಬೆಲೆಗೆ ಆಸರೆಯಾದವು.

ನಾಲ್ಕನೆಯ ಪಿ ಪ್ರಚಾರ. ಇದರಲ್ಲಿ ಎಲ್ಲರೂ ಉತ್ಸಾಹಿಗಳು. ನಮ್ಮ ಹುಡುಗರ ಗುಂಪೊಂದು ಅಕ್ಕನಿಗೆ ‘ಸಂಜೆ ಆರರಿಂದ ಏಳರವರೆಗೆ ಐದು ಕೊಂಡರೆ ಒಂದು ಉಚಿತ’ ಎಂಬ ಯೋಜನೆ ಬರೆದುಕೊಟ್ಟಿತು. ಬಣ್ಣದ ಫಲಕದ ನಕ್ಷೆಯೂ ಇತ್ತು. ಅಣ್ಣ ಓದಿ ನಕ್ಕರು. ‘ಆ ಹೊತ್ತಿನಲ್ಲಿ ನನಗೆ ಬೆವರು ಒರೆಸಿಕೊಳ್ಳಲು ಪುರುಸೊತ್ತಿಲ್ಲ, ಇನ್ನೂ ಜನರನ್ನು ಕರೆಯುತ್ತೀರಾ?’

ಅವರ ಮಾತನ್ನು ಲೆಕ್ಕಕ್ಕೆ ಇಳಿಸಿದರೆ ಹೀಗೆ. ಕಡಾಯಿಗೆ ಒಂದು ಸಲಕ್ಕೆ 20 ಮಿರ್ಚಿ ಬಿಡಬಹುದು. ಹೆಚ್ಚು ಬಿಟ್ಟರೆ ಎಣ್ಣೆಯ ಕಾವು ಇಳಿದು ಹಿಟ್ಟು ಎಣ್ಣೆ ಕುಡಿಯುತ್ತದೆ. ಒಂದು ಸರತಿಗೆ ಐದು ನಿಮಿಷ ಎಂದರೆ ಗಂಟೆಗೆ 240. ಆರರಿಂದ ಏಳರೊಳಗೆ 25 ಡಬ್ಬಿ ಕೇಳಿ ಬಂದರೆ 150 ಮಿರ್ಚಿ, ಒಳಗೆ ತಿನ್ನುವವರು 60 ಜನ ತಲಾ ಎರಡರಂತೆ 120. ಒಟ್ಟು 270. ಕಡಾಯಿ ಈಗಾಗಲೇ 30 ಮಿರ್ಚಿ ಸೋತಿದೆ; ಸಾಲಿನಿಂದ ಕಳಚಿಕೊಂಡು ಹೋದವರು ಆ ಮಿರ್ಚಿ ಸಿಗದವರೇ. ಇಂಥ ಹೊತ್ತಿನಲ್ಲಿ ರಿಯಾಯಿತಿ ಕೊಟ್ಟರೆ ಪೂರ್ಣ ಬೆಲೆ ಕೊಡಲು ನಿಂತವರನ್ನು ಕಳೆದುಕೊಂಡು ಕಡಿಮೆ ಬೆಲೆಯವರನ್ನು ತಂದುಕೊಂಡಂತೆ. ಪ್ರಚಾರದ ಕೆಲಸ ಯಾವಾಗಲೂ ಜನರನ್ನು ಹೆಚ್ಚಿಸುವುದೇ ಆಗಬೇಕಿಲ್ಲ, ಜನರನ್ನು ಬೇರೆ ಹೊತ್ತಿಗೆ ಸರಿಸುವುದೂ ಆಗಬಹುದು. ‘ಪಾರ್ಸೆಲಿನ ಮೊದಲ ಸರತಿ 5:30ಕ್ಕೆ’ ಎಂಬ ಒಂದು ಹಲಗೆ ಸಾಕು. ಪಾರ್ಸೆಲ್ ಬೇಕಾದವರು ಅರ್ಧ ಗಂಟೆ ಮೊದಲೇ ಫೋನ್ ಮಾಡಿದರೆ ಸಾಲು ಇಲ್ಲ ಎಂಬ ಮಾತು ಬಾಯಿಂದ ಬಾಯಿಗೆ ಹರಡಿದರೆ ಇನ್ನೂ ಒಳ್ಳೆಯದು. ಕಡಾಯಿಯ ಸರತಿಗಳನ್ನು ಮೊದಲೇ ಹಂಚಿಕೊಳ್ಳಬಹುದು.

ಕಡಾಯಿಯೇ ಇಕ್ಕಟ್ಟಾದಾಗ ಯಾವ ಗುಂಪಿಗೆ ಮೊದಲ ಮಣೆ ಎಂಬ ಪ್ರಶ್ನೆ ಬರುತ್ತದೆ. ಗುರಿ ಮಾರುಕಟ್ಟೆಯನ್ನು ಆರಿಸುವುದು ಎಂದು ಪಠ್ಯ ಹೇಳುವುದು ಇದನ್ನೇ. ಆಗ ಡಬ್ಬಿಗೆ ಎಷ್ಟು ಉಳಿಯಿತು, ಪ್ಲೇಟಿಗೆ ಎಷ್ಟು ಉಳಿಯಿತು ಎಂದು ನೋಡಿದರೆ ದಾರಿ ತಪ್ಪುತ್ತದೆ. ಕಡಾಯಿಯಲ್ಲಿ ಜಾಗ ಹಿಡಿಯುವ ಒಂದು ಮಿರ್ಚಿಗೆ ಎಷ್ಟು ಉಳಿಯಿತು ಎಂದು ನೋಡಬೇಕು. ಡಬ್ಬಿಯ 33ನ್ನು ಆರಕ್ಕೆ ಹಂಚಿದರೆ ಮಿರ್ಚಿಗೆ ಐದೂವರೆ. ಸಂಜೆ ಬೆಂಚಿನ ಮೇಲೆ ಬಿಡಿಯಾಗಿ ತಿನ್ನುವವರಿಂದ 4. ಆದರೆ ಬೆಳಗಿನ ಒಗ್ಗರಣೆ ಪ್ಲೇಟಿನ 12ನ್ನು ಎರಡಕ್ಕೆ ಹಂಚಿದರೆ 6! ಎಲ್ಲರೂ ‘ಅಗ್ಗದ ಗಿರಾಕಿ’ ಎಂದುಕೊಂಡಿದ್ದ ಆಟೋ ಚಾಲಕ ಕಡಾಯಿಯ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ. ಒಗ್ಗರಣೆ ಕಡಾಯಿಯ ಜಾಗ ಬೇಡದೆ ತನ್ನ ಪಾಲು ತರುತ್ತದೆ ಎಂಬುದೇ ಕಾರಣ. ಈ ಲೆಕ್ಕ ನೋಡಿದ ಮೇಲೆ, ಬೆಳಗಿನ ವ್ಯಾಪಾರವನ್ನು ಮೊಟಕು ಮಾಡಿ ಸಂಜೆಗೆ ಗಮನ ಕೊಡೋಣ ಎಂದು ನಾನೇ ಒಮ್ಮೆ ಹೇಳಿದ್ದ ಸಲಹೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.

ಕಾಲೇಜಿನವರ ಗುಂಪನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಅವರು ಕೊಳ್ಳುವುದು ಮಿರ್ಚಿಯನ್ನಲ್ಲ, ಬೆಂಚನ್ನು. ನಾಲ್ಕು ಜನ, ಐದು ಮಿರ್ಚಿ, ಎರಡು ಚಹಾ, ನಲವತ್ತು ನಿಮಿಷ. ನಾಲ್ಕೂವರೆಯಿಂದ ಐದೂಮುಕ್ಕಾಲಿನವರೆಗೆ ಬೆಂಚು ಖಾಲಿ ಇರುವಾಗ ಅವರು ಲಕ್ಷ್ಮಿ; ತುಂಬಿದ ಅಂಗಡಿಯ ಗದ್ದಲ ಕೇಳಿ ಇನ್ನಷ್ಟು ಜನ ಬರುತ್ತಾರೆ. ಆರರ ನಂತರ ಅದೇ ಗುಂಪು ಅದೇ ಬೆಂಚಿನಲ್ಲಿ ಮುಂದುವರಿದರೆ ಮಗುವನ್ನು ಎತ್ತಿಕೊಂಡು ಬಂದ ಗೃಹಿಣಿ ಹೊಸ್ತಿಲಲ್ಲೇ ನಿಂತು ಹಿಂತಿರುಗುತ್ತಾಳೆ. ಒಂದು ಗುಂಪಿಗೆ ಮಾಡಿದ ಅನುಕೂಲ ಇನ್ನೊಂದಕ್ಕೆ ತೊಡಕಾಗುವುದು ವಿಭಜನೆಯಲ್ಲಿ ಅತಿ ಸಾಮಾನ್ಯವಾದ ರೋಗ. ಪಾರ್ಸೆಲಿಗೆ ರಸ್ತೆ ಬದಿಯ ಕಿಟಕಿ ಬೇಕು ಎಂದದ್ದು ಇದಕ್ಕೇ. ಇಬ್ಬರನ್ನೂ ಹೊತ್ತಿನಿಂದಲೋ ಬಾಗಿಲಿನಿಂದಲೋ ಬೇರೆ ಮಾಡದೆ ಎರಡು ಗುಂಪುಗಳನ್ನು ಸಾಕುವುದು ಸಣ್ಣ ಅಂಗಡಿಗೆ ಆಗದ ಮಾತು.

ಸೇವೆಯ ವ್ಯಾಪಾರಕ್ಕೆ ಇನ್ನೂ ಮೂರು ಪಿ ಸೇರಿಸಬೇಕೆಂದು ಬೂಮ್ಸ್ ಮತ್ತು ಬಿಟ್ನರ್ ಎಂಬ ವಿದ್ವಾಂಸರು 1981ರಲ್ಲಿ ಹೇಳಿದರು: ಜನ, ಕಾರ್ಯವಿಧಾನ, ಕಣ್ಣಿಗೆ ಕಾಣುವ ಸಾಕ್ಷಿ. ಈ ಮೂರನೆಯದರ ಬಗ್ಗೆ ಒಂದು ಮಾತು ಮಾತ್ರ. ಕಡಾಯಿ ರಸ್ತೆಗೆ ಮುಖ ಮಾಡಿರುವುದು ಬರೀ ಹೊಗೆ ಹೊರಹೋಗಲಿ ಎಂದಲ್ಲ. ಗಿರಾಕಿ ಎಣ್ಣೆಯ ಬಣ್ಣ ನೋಡುತ್ತಾನೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೂಡಿಕೊಳ್ಳುವ ಕೆಟ್ಟ ಅಂಶ ನೂರಕ್ಕೆ ಇಪ್ಪತ್ತೈದು ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಅದನ್ನು ಅಳೆಯುವ ಉಪಕರಣ ಗಿರಾಕಿಯ ಬಳಿ ಇಲ್ಲ, ಕಣ್ಣಿದೆ. ಪಾರ್ಸೆಲ್ ಗುಂಪು ಈ ಕಪ್ಪು ಎಣ್ಣೆಗೆ ಅತಿ ಸೂಕ್ಷ್ಮ, ಏಕೆಂದರೆ ಅವರು ಒಯ್ಯುವುದು ಮಕ್ಕಳಿಗೆ.

ಕೊನೆಗೆ ಒಂದು ಎಚ್ಚರಿಕೆ ವಿದ್ಯಾರ್ಥಿಗಳ ಉತ್ಸಾಹಕ್ಕೆ. ಗುಂಪುಗಳನ್ನು ಹುಡುಕುವ ಚಟ ಹತ್ತಿದರೆ ಎಲ್ಲಿ ನೋಡಿದರೂ ಗುಂಪೇ ಕಾಣುತ್ತದೆ: ಸಂತೆಗೆ ಬಂದ ಹಳ್ಳಿಯವರು, ಬ್ಯಾಂಕಿನವರು, ಮಳೆ ಬಂದಾಗ ನಿಂತವರು. ಒಂದು ಪರೀಕ್ಷೆ ಇಟ್ಟುಕೊಳ್ಳಿ. ಎರಡು ಗುಂಪುಗಳನ್ನು ಅಕ್ಕಪಕ್ಕ ಬರೆದು, ಎರಡಕ್ಕೂ ನಾಲ್ಕು ಪಿಗಳನ್ನು ತುಂಬಿ. ನಾಲ್ಕೂ ಉತ್ತರ ಒಂದೇ ಬಂದರೆ ಅವು ಎರಡು ಗುಂಪಲ್ಲ, ನಿಮ್ಮ ಪೆನ್ನು ಎಳೆದ ಸುಮ್ಮನೆಯ ಗೆರೆ. ಬ್ಯಾಂಕಿನವರೂ ಕಾಲೇಜಿನವರೂ ಹೀಗೆ ಒಂದಾಗಿಬಿಟ್ಟರು; ಇಬ್ಬರಿಗೂ ಬೇಕಾದದ್ದು ಬೆಂಚೇ. ರಂಜಾನ್ ತಿಂಗಳ ಸಂಜೆಯ ಗಿರಾಕಿಗಳು ಮಾತ್ರ ಒಂದಾಗಲಿಲ್ಲ. ಅವರಿಗೆ ಸೂರ್ಯ ಮುಳುಗುವ ನಿಮಿಷಕ್ಕೆ ಸರಿಯಾಗಿ ಕೈಯಲ್ಲಿ ಪೊಟ್ಟಣ ಇರಬೇಕು, ಐದು ನಿಮಿಷ ತಡವಾದರೆ ಅದು ಬೇಡ. ತಿಂಗಳ ಮಟ್ಟಿಗೆ ಅದು ಬೇರೆಯದೇ ಮಾರುಕಟ್ಟೆ.

ಇಷ್ಟೆಲ್ಲ ಲೆಕ್ಕ ಮುಗಿಸಿ ಹಾಳೆ ಮಡಚುತ್ತಿದ್ದ ಸಂಜೆ ಅಕ್ಕನಿಗೆ ಒಂದು ಫೋನ್ ಬಂತು. ಯಾವುದೋ ಮನೆಯ ಸೀಮಂತ, ನಾಳೆ ಸಂಜೆ ಆರೂವರೆಗೆ ಇನ್ನೂರು ಮಿರ್ಚಿ ಬೇಕು, ಹಣ ಮುಂಗಡ ಕೊಡುತ್ತೇವೆ ಎಂದರು. ಅಕ್ಕ ‘ನಾಲ್ಕು ಗಂಟೆಗಾದರೆ ಮಾಡಿಕೊಡುತ್ತೇವೆ’ ಎಂದರು. ಅವರು ಒಪ್ಪಲಿಲ್ಲ, ನಾಲ್ಕಕ್ಕೆ ಕರಿದದ್ದು ಆರೂವರೆಗೆ ಏನಾಗಿರುತ್ತದೆಂದು ಅವರಿಗೂ ಗೊತ್ತು. ಒಂದು ಕ್ಷಣ ಅಕ್ಕ ಕಡಾಯಿಯ ಕಡೆ ನೋಡಿದರು, ಅಣ್ಣ ತಲೆಯಾಡಿಸಿದರು. ‘ಹಾಗಾದರೆ ಆಗುವುದಿಲ್ಲಮ್ಮಾ, ಬೇರೆ ಕಡೆ ಕೇಳಿ ನೋಡಿ’ ಎಂದು ಫೋನ್ ಇಟ್ಟು, ಕಿಟಕಿಯಲ್ಲಿ ಕಾಯುತ್ತಿದ್ದವರ ಡಬ್ಬಿಗೆ ನಿಂಬೆಹೋಳು ಇಡತೊಡಗಿದರು.